ln(5/4) ಎಂಬ ಉತ್ತರ: ಒಳಗೇ ಅಸಿಂಪ್ಟೋಟ್ ಇದ್ದ ಒಂದು ಇಂಟಿಗ್ರಲ್‌ನ ಪ್ರಕರಣ

ಹಿನ್ನೆಲೆ

ಇದು ಪದವಿ ಮಟ್ಟದ ಕ್ಯಾಲ್ಕುಲಸ್ ತರಗತಿಯೊಂದರಲ್ಲಿ ನಡೆದದ್ದು. ವಿದ್ಯಾರ್ಥಿನಿಯ ಗುರುತು ಸಿಗದಂತೆ ಸುತ್ತಲಿನ ವಿವರಗಳನ್ನು ಬಿಟ್ಟಿದ್ದೇನೆ. ಲೆಕ್ಕಗಳು ಮಾತ್ರ ಇದ್ದ ಹಾಗೆಯೇ ಇವೆ. ಅವಳನ್ನು ಇಲ್ಲಿ ‘ವಿ’ ಎಂದು ಕರೆಯೋಣ.

ವಿ ಲೆಕ್ಕದಲ್ಲಿ ಚುರುಕು. ಸಬ್‌ಸ್ಟಿಟ್ಯೂಷನ್ ಆಗಲಿ, ಪಾರ್ಷಿಯಲ್ ಫ್ರಾಕ್ಷನ್ ಆಗಲಿ, ಕೊಟ್ಟ ಫಂಕ್ಷನ್ ನೋಡಿದ ತಕ್ಷಣ ಯಾವ ದಾರಿ ಹಿಡಿಯಬೇಕೆಂದು ಅವಳಿಗೆ ಹೊಳೆಯುತ್ತಿತ್ತು. ಇಂಪ್ರಾಪರ್ ಇಂಟಿಗ್ರಲ್ ಪಾಠವೂ ಮುಗಿದಿತ್ತು. ಮೇಲಿನ ಲಿಮಿಟ್ ಅನಂತವಾಗಿದ್ದರೆ ಏನು ಮಾಡಬೇಕು, ಕೊನೆಯ ಬಿಂದುವಿನಲ್ಲಿ ಫಂಕ್ಷನ್ ಸಿಡಿದು ಮೇಲೆ ಹೋದರೆ ಏನು ಮಾಡಬೇಕು ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಇಂಟಿಗ್ರಲ್ ಚಿಹ್ನೆಯ ಮೇಲೆ ∞ ಕಂಡರೆ ಕೈ ತಾನಾಗಿ ‘lim’ ಬರೆಯುತ್ತಿತ್ತು. ಗೋಜಲು ಹುಟ್ಟಿದ್ದು ಅಂಥ ಗುರುತೇನೂ ಕಣ್ಣಿಗೆ ಬೀಳದ ಒಂದು ಪ್ರಶ್ನೆಯಲ್ಲಿ.

ಸಮಸ್ಯೆ

ಕಿರು ಪರೀಕ್ಷೆಯಲ್ಲಿ ಕೇಳಿದ್ದು ಇದು:

∫₀³ 2x/(x² − 4) dx

ವಿ ಬರೆದ ಉತ್ತರ ನಾಲ್ಕು ಸಾಲಿನದು. u = x² − 4 ಎಂದು ತೆಗೆದುಕೊಂಡಳು, du = 2x dx ಆಯಿತು. x ಸೊನ್ನೆಯಿಂದ 3ರವರೆಗೆ ಹೋದಾಗ u ಮೈನಸ್ 4ರಿಂದ 5ರವರೆಗೆ ಹೋಗುತ್ತದೆ. ಹಾಗಾಗಿ ∫ du/u, ಅಂದರೆ ln|u|. ಲಿಮಿಟ್ ಹಾಕಿದರೆ ln 5 − ln 4 = ln(5/4), ಸುಮಾರು 0.2231.

ಮೌಲ್ಯಮಾಪನ ಮಾಡಿದವರು ಸಬ್‌ಸ್ಟಿಟ್ಯೂಷನ್ನಿಗೆ ಒಂದಿಷ್ಟು ಅಂಕ ಕೊಟ್ಟು, ಉಳಿದದ್ದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘x = 2?’ ಎಂದಷ್ಟೇ ಬರೆದಿದ್ದರು. ಅದನ್ನು ಹಿಡಿದುಕೊಂಡು ವಿ ನನ್ನ ಬಳಿ ಬಂದಳು. ಅವಳ ವಾದ ಸರಳವಾಗಿತ್ತು. “x = 2ರಲ್ಲಿ ಛೇದ ಸೊನ್ನೆ ಆಗುತ್ತೆ, ಅದು ಗೊತ್ತು ಸರ್. ಆದರೆ ಎಡಗಡೆ ಫಂಕ್ಷನ್ ಕೆಳಗೆ ಹೋಗುತ್ತೆ, ಬಲಗಡೆ ಮೇಲೆ ಹೋಗುತ್ತೆ. ಎರಡೂ ಒಂದಕ್ಕೊಂದು ಹೊಡೆದುಹೋಗುತ್ತವೆ. ಉಳಿಯೋದು 0.2231. ಇದರಲ್ಲಿ ತಪ್ಪೇನಿದೆ?”

ಕೇಳಲೇಬೇಕಾದ ಪ್ರಶ್ನೆ ಅದು. ‘ಇಂಟಿಗ್ರಲ್ ಅನ್ನು x = 2ರಲ್ಲಿ ಎರಡಾಗಿ ಒಡೆದು ಬರೆಯಬೇಕು, ಅದು ನಿಯಮ’ ಎಂದು ಹೇಳಿ ಕಳಿಸಿದ್ದರೆ ಮುಂದಿನ ಪರೀಕ್ಷೆಯಲ್ಲಿ ಅವಳು ಒಡೆದು ಬರೆಯುತ್ತಿದ್ದಳು, ಆದರೆ ಮನಸ್ಸಿನಲ್ಲಿ 0.2231ನ್ನೇ ನಂಬಿಕೊಂಡಿರುತ್ತಿದ್ದಳು. ಆದ್ದರಿಂದ ಅಂಕದ ಮಾತು ಬದಿಗಿಟ್ಟು, 0.2231 ಯಾವುದರ ಬೆಲೆ ಎಂಬುದನ್ನು ನೋಡೋಣ ಎಂದುಕೊಂಡೆವು.

ಮೊದಲ ಪ್ರಯತ್ನ: ಎದ್ದು ಕಾಣುವ ಅಸಂಬದ್ಧ

ಇಂಥ ಕಡೆ ಸಾಮಾನ್ಯವಾಗಿ ತೋರಿಸುವುದು ಛೇದಕ್ಕೆ ವರ್ಗ ಇರುವ ಉದಾಹರಣೆಯನ್ನು. ನಾನೂ ಅದೇ ಪ್ರಶ್ನೆಯ ಛೇದಕ್ಕೆ ವರ್ಗ ಹಾಕಿ ಕೊಟ್ಟೆ:

∫₀³ 2x/(x² − 4)² dx

ಆಂಟಿಡೆರಿವೇಟಿವ್ −1/(x² − 4). ಕಣ್ಣು ಮುಚ್ಚಿ ಲಿಮಿಟ್ ಹಾಕಿದರೆ −1/5 − 1/4 = −0.45. ಆದರೆ ಸೊನ್ನೆಯಿಂದ 3ರವರೆಗೆ ಈ ಫಂಕ್ಷನ್ ಎಲ್ಲಿಯೂ ಋಣವಾಗುವುದಿಲ್ಲ. ಅಂಶ 2x ಧನ, ಛೇದ ವರ್ಗ. ಪೂರ್ತಿ x ಅಕ್ಷದ ಮೇಲೇ ಇರುವ ಗ್ರಾಫಿನ ಕೆಳಗಿನ ವಿಸ್ತೀರ್ಣ −0.45 ಆಗುವುದು ಹೇಗೆ?

ವಿ ತಕ್ಷಣ ಒಪ್ಪಿಕೊಂಡಳು: ಇದು ತಪ್ಪು. ಆದರೆ ತನ್ನ ಪ್ರಶ್ನೆಗೂ ಇದಕ್ಕೂ ಸಂಬಂಧವಿಲ್ಲ ಎಂದಳು. ಇಲ್ಲಿ ಎರಡೂ ಕಡೆ ಫಂಕ್ಷನ್ ಮೇಲಕ್ಕೇ ಹೋಗುತ್ತದೆ, ಹೊಡೆದುಹೋಗಲು ಏನೂ ಇಲ್ಲ. ತನ್ನದರಲ್ಲಿ ಒಂದು ಕಡೆ ಮೈನಸ್, ಇನ್ನೊಂದು ಕಡೆ ಪ್ಲಸ್. ಅವಳ ಮಾತು ನ್ಯಾಯವಾಗಿತ್ತು. ಚಿಹ್ನೆಯೇ ತಪ್ಪನ್ನು ಕೂಗಿ ಹೇಳುವ ಈ ಉದಾಹರಣೆ, ಚಿಹ್ನೆಯಿಂದ ಏನೂ ತಿಳಿಯದ ಅವಳ ಪ್ರಶ್ನೆಯನ್ನು ಮುಟ್ಟುವುದೇ ಇಲ್ಲ. ಪಠ್ಯದಲ್ಲಿ ವರ್ಗದ ಉದಾಹರಣೆಯೊಂದನ್ನೇ ನೋಡಿ ಮುಂದೆ ಹೋದವರಲ್ಲಿ ಈ ತಪ್ಪು ಉಳಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ ಎಂದು ನನಗನಿಸುತ್ತದೆ. ಉತ್ತರ ವಿಚಿತ್ರವಾಗಿದ್ದರೆ ಮಾತ್ರ ಅನುಮಾನ ಪಡಬೇಕು ಎಂಬ ಪಾಠ ಅದರಿಂದ ಬರುತ್ತದೆ. 0.2231 ಸ್ವಲ್ಪವೂ ವಿಚಿತ್ರವಾಗಿಲ್ಲ.

ಕಂಪ್ಯೂಟರ್ ಅವಳ ಪರ ನಿಂತಿತು

ಮರುದಿನ ವಿ ಒಂದು ಪ್ರೋಗ್ರಾಂ ಬರೆದುಕೊಂಡು ಬಂದಳು. ಸೊನ್ನೆಯಿಂದ 3ರವರೆಗಿನ ಅಂತರವನ್ನು n ಸಮಭಾಗ ಮಾಡುವುದು, ಪ್ರತಿ ಭಾಗದ ನಡುಬಿಂದುವಿನಲ್ಲಿ ಫಂಕ್ಷನ್ನಿನ ಬೆಲೆ ತೆಗೆದುಕೊಂಡು ಅಗಲದಿಂದ ಗುಣಿಸುವುದು, ಎಲ್ಲವನ್ನೂ ಕೂಡುವುದು. ನಡುಬಿಂದು ವಿಧಾನ ಎಂದು ನಾವು ಕಲಿಸುವುದು ಇದನ್ನೇ.

```python
def nadu(n):
    h = 3 / n
    motta = 0
    for i in range(n):
        x = (i + 0.5) * h
        motta += 2*x / (x*x - 4) * h
    return motta

print(round(nadu(3000), 4))
```

ಪರದೆಯ ಮೇಲೆ ಬಂದದ್ದು 0.2231.

ಅವಳು 3000ವನ್ನು ಆರಿಸಿಕೊಂಡದ್ದರಲ್ಲಿ ಯಾವ ಕುತಂತ್ರವೂ ಇರಲಿಲ್ಲ. ಅಂತರ 3, ಪ್ರತಿ ಭಾಗ 0.001 ಇರಲಿ ಎಂದುಕೊಂಡಳು, ಹಾಗಾಗಿ 3000. ಯಾರೇ ಆದರೂ ಹಾಗೆಯೇ ಮಾಡುತ್ತಾರೆ. 300 ಹಾಕಿದರೂ 30000 ಹಾಕಿದರೂ ನಾಲ್ಕು ದಶಾಂಶ ಸ್ಥಾನದವರೆಗೆ ಅದೇ ಸಂಖ್ಯೆ. ಭಾಗಗಳನ್ನು ಹೆಚ್ಚಿಸುತ್ತ ಹೋದರೂ ಉತ್ತರ ಕದಲದಿದ್ದರೆ ಅದು ಸರಿ ಎಂದೇ ನಾವು ಹೇಳಿಕೊಟ್ಟಿರುತ್ತೇವೆ. ಈಗ ಅವಳ ಕೈಯಲ್ಲಿ ಎರಡು ಸಾಕ್ಷಿ ಇದ್ದವು: ಕೈಲೆಕ್ಕ ಮತ್ತು ಕಂಪ್ಯೂಟರ್.

ನಾನು ಪ್ರೋಗ್ರಾಮಿನಲ್ಲಿ ಒಂದೇ ಒಂದು ಸಾಲು ಬದಲಿಸಲು ಹೇಳಿದೆ:

```python
for n in (999, 1000, 1001):
    print(n, round(nadu(n), 4))
```

ಬಂದದ್ದು ಹೀಗೆ:

```
999 0.2231
1000 -5.2183
1001 5.6645
```

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಒಂದೇ ಒಂದು ಭಾಗ ಹೆಚ್ಚಾದದ್ದಕ್ಕೆ ಉತ್ತರ ಐದಕ್ಕಿಂತ ಹೆಚ್ಚು ಕೆಳಗೆ ಜಾರಿತು, ಇನ್ನೊಂದು ಹೆಚ್ಚಾದದ್ದಕ್ಕೆ ಹತ್ತಕ್ಕಿಂತ ಹೆಚ್ಚು ಮೇಲೆ ಹಾರಿತು. ವಿ 10000, 100000 ಎಂದು ಹಾಕಿ ನೋಡಿದಳು. ಎರಡಕ್ಕೂ −5.2183. ಅದೂ ಕದಲುತ್ತಿಲ್ಲ! n ಮೂರರ ಗುಣಕವಾಗಿದ್ದರೆ ಒಂದು ಉತ್ತರ, ಮೂರರಿಂದ ಭಾಗಿಸಿದಾಗ ಶೇಷ ಒಂದು ಉಳಿದರೆ ಇನ್ನೊಂದು, ಎರಡು ಉಳಿದರೆ ಮತ್ತೊಂದು. ಮೂರೂ ತಮ್ಮತಮ್ಮ ಜಾಗದಲ್ಲಿ ಗಟ್ಟಿಯಾಗಿ ನಿಂತಿವೆ.

ಕಂಪ್ಯೂಟರಿನ ಕಣ್ಕಟ್ಟು ಇದಲ್ಲ. ಕೈಯಲ್ಲೇ ನೋಡಬಹುದು. n = 1 ಎಂದರೆ ಒಂದೇ ಭಾಗ, ನಡುಬಿಂದು 1.5. ಅಲ್ಲಿ ಫಂಕ್ಷನ್ 3/(2.25 − 4), ಅಂದರೆ −1.714. ಅಗಲ 3ರಿಂದ ಗುಣಿಸಿದರೆ −5.143. n = 2 ಎಂದರೆ ನಡುಬಿಂದುಗಳು 0.75 ಮತ್ತು 2.25, ಮೊತ್ತ ಸುಮಾರು 5.698. n = 3 ಆದರೆ 0.5, 1.5, 2.5, ಮೊತ್ತ ಸುಮಾರು 0.241. ಸಾವಿರ ಭಾಗ ಮಾಡಿ ಕಂಡ ಮೂರು ಸಂಖ್ಯೆಗಳ ಮುಖ ಮೊದಲ ಮೂರು ಹೆಜ್ಜೆಯಲ್ಲೇ ಕಾಣಿಸುತ್ತದೆ.

ಹೀಗೇಕೆ ಎಂಬುದನ್ನು ಹತ್ತಿರದಿಂದ ನೋಡಬೇಕು. 2ರ ಆಸುಪಾಸಿನಲ್ಲಿ ಈ ಫಂಕ್ಷನ್ ಹೆಚ್ಚುಕಡಿಮೆ 1/(x − 2)ರಂತೆಯೇ ನಡೆದುಕೊಳ್ಳುತ್ತದೆ, ಏಕೆಂದರೆ 2x/(x + 2) ಅಲ್ಲಿ 1 ಆಗುತ್ತದೆ. n ಮೂರರ ಗುಣಕವಾದಾಗ x = 2 ಎರಡು ಭಾಗಗಳ ಗಡಿಯ ಮೇಲೆ ಸರಿಯಾಗಿ ಬೀಳುತ್ತದೆ. ಅದರ ಎಡಗಡೆಯ ಮೊದಲ ನಡುಬಿಂದು h/2 ದೂರದಲ್ಲಿ, ಬಲಗಡೆಯದೂ h/2 ದೂರದಲ್ಲಿ. ಎಡಗಡೆಯದರ ಪಾಲು ಸುಮಾರು −2, ಬಲಗಡೆಯದು +2. ಹೊಡೆದುಹೋದವು. ಆದರೆ n = 1000 ಆದಾಗ 2 ಒಂದು ಭಾಗದ ಒಳಗೆ ಬೀಳುತ್ತದೆ. ಎಡಗಡೆಯ ಹತ್ತಿರದ ನಡುಬಿಂದು h/6 ದೂರದಲ್ಲಿ, ಬಲಗಡೆಯದು 5h/6 ದೂರದಲ್ಲಿ. ಎಡಗಡೆಯದರ ಪಾಲನ್ನು ಲೆಕ್ಕ ಮಾಡಿ: ಅಗಲ h, ಬೆಲೆ ಸುಮಾರು −6/h, ಗುಣಲಬ್ಧ −6. ಬಲಗಡೆಯದು 6/5. ಇವು ಹೊಡೆದುಹೋಗುವುದಿಲ್ಲ. ಈ ಲೆಕ್ಕದಲ್ಲಿ h ಪೂರ್ತಿ ಮಾಯವಾದದ್ದನ್ನು ಗಮನಿಸಿ. ಎಷ್ಟೇ ಸಣ್ಣ ಭಾಗ ಮಾಡಿದರೂ −6 ಹಾಗೆಯೇ ಉಳಿಯುತ್ತದೆ. ಮುಂದಿನ ಜೋಡಿಗಳನ್ನೂ ಸೇರಿಸಿದರೆ −6 + 6/5 − 6/7 + 6/11 ಎಂದು ಸಾಗುವ ಆ ಸರಣಿ −π√3ಕ್ಕೆ, ಅಂದರೆ ಸುಮಾರು −5.4414ಕ್ಕೆ ಹೋಗಿ ನಿಲ್ಲುತ್ತದೆ. ಅದನ್ನು 0.2231ಕ್ಕೆ ಕೂಡಿದರೆ −5.2183. n = 1001 ಆದಾಗ ಎಡಬಲ ಅದಲುಬದಲು, ಅಷ್ಟೇ.

ಸರಿಯಾಗಿ ವರ್ತಿಸುವ ಇಂಟಿಗ್ರಲ್‌ನಲ್ಲಿ ಒಂದು ಭಾಗದ ಪಾಲು, ಭಾಗ ಸಣ್ಣದಾದಂತೆ ಸೊನ್ನೆಗೆ ಹೋಗಬೇಕು. ಇಲ್ಲಿ ಒಂದೇ ಒಂದು ಭಾಗ, ಅದೂ ಎಷ್ಟೇ ತೆಳ್ಳಗಿದ್ದರೂ, ಇಡೀ ಉತ್ತರಕ್ಕಿಂತ ದೊಡ್ಡ ಪಾಲು ಹೊತ್ತು ಕೂತಿದೆ.

‘ಹೊಡೆದುಹೋಗುತ್ತವೆ’ ಎಂದರೆ ಏನು?

ವಿ ಈಗ ಸುಮ್ಮನಾದಳು ಎಂದುಕೊಳ್ಳಬೇಡಿ. “ಹಾಗಾದರೆ ಎರಡೂ ಕಡೆ ಸಮನಾಗಿ ಬಿಟ್ಟು ಲೆಕ್ಕ ಮಾಡೋಣ. ಅದೇ ತಾನೇ ಸಹಜ?” ಎಂದಳು. ಸರಿ, ಹಾಗೆಯೇ ಮಾಡಿದೆವು. ಎಡಗಡೆ 2 − a ವರೆಗೆ ಬಂದು ನಿಲ್ಲುವುದು, ಬಲಗಡೆ 2 + b ಯಿಂದ ಶುರು ಮಾಡುವುದು.

ಎಡ: ∫₀^(2−a) = ln(4a − a²) − ln 4

ಬಲ: ∫_(2+b)^3 = ln 5 − ln(4b + b²)

ಎರಡನ್ನೂ ಕೂಡಿದರೆ ln(5/4) + ln[(4a − a²)/(4b + b²)]. a, b ಎರಡೂ ಸೊನ್ನೆಯತ್ತ ಹೋದಾಗ a², b² ಲೆಕ್ಕಕ್ಕಿಲ್ಲ. ಉಳಿಯುವುದು

ln(5/4) + ln(a/b)

ವಿ ಈ ಸಾಲನ್ನು ತಾನೇ ಬರೆದು ತುಸು ಹೊತ್ತು ನೋಡಿದಳು. a = b ಆದರೆ ಎರಡನೇ ಪದ ಸೊನ್ನೆ, ಅವಳ ಉತ್ತರ ಬರುತ್ತದೆ. ಆದರೆ ಎಡಗಡೆ ಯಾವಾಗಲೂ ಬಲಗಡೆಯ ಎರಡರಷ್ಟು ಬಿಡುತ್ತ ಹೋದರೆ? a = 0.02, b = 0.01 ಹಾಕಿದೆವು, 0.9088 ಬಂತು, ಲಿಮಿಟ್ಟಿನಲ್ಲಿ ಅದು ln(5/2), ಅಂದರೆ 0.9163. ತಿರುವುಮುರುವು ಮಾಡಿ a = 0.01, b = 0.02 ಎಂದರೆ −0.4775, ಲಿಮಿಟ್ಟಿನಲ್ಲಿ ln(5/8), ಅಂದರೆ −0.4700. b ಯನ್ನು a ಯ ಒಂದೂಕಾಲು ಪಟ್ಟು ಇಟ್ಟುಕೊಂಡರೆ ಉತ್ತರ ಸೊನ್ನೆ. ಬೇಕೆಂದರೆ ನಿಮ್ಮ ಹುಟ್ಟಿದ ವರ್ಷವನ್ನೂ ಉತ್ತರವಾಗಿ ತರಬಹುದು. a ಮತ್ತು b ಗಳ ಅನುಪಾತವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಂಡರಾಯಿತು. ಎಲ್ಲ ಸಂದರ್ಭದಲ್ಲೂ a, b ಎರಡೂ ಸೊನ್ನೆಗೇ ಹೋಗುತ್ತಿವೆ. ಯಾರೂ ಏನನ್ನೂ ಬಿಟ್ಟಿಲ್ಲ, ಏನನ್ನೂ ಸೇರಿಸಿಲ್ಲ.

ಹಾಗಾಗಿ ‘ಹೊಡೆದುಹೋಗುತ್ತವೆ’ ಎಂಬ ಮಾತಿನ ಹಿಂದೆ ಒಂದು ಬಚ್ಚಿಟ್ಟ ಷರತ್ತು ಇತ್ತು: ಎರಡೂ ಕಡೆ ಒಂದೇ ವೇಗದಲ್ಲಿ ಹತ್ತಿರ ಬರಬೇಕು. ಆ ಷರತ್ತು ಪ್ರಶ್ನೆಯಲ್ಲಿಲ್ಲ. ಅದನ್ನು ಸೇರಿಸಿದ್ದು ಉತ್ತರ ಬರೆದವಳು.

a = b ಎಂದು ಮೊದಲೇ ಘೋಷಿಸಿ ಬರುವ ಬೆಲೆಗೆ ಗಣಿತದಲ್ಲಿ ಜಾಗ ಇಲ್ಲವೆಂದಲ್ಲ. ಅದನ್ನು ಕೌಶಿ ಪ್ರಿನ್ಸಿಪಲ್ ವ್ಯಾಲ್ಯೂ ಎನ್ನುತ್ತಾರೆ, ಇಂಟಿಗ್ರಲ್ ಚಿಹ್ನೆಯ ಹಿಂದೆ p.v. ಎಂದು ಬೇರೆ ಗುರುತು ಹಾಕಿ ಬರೆಯುತ್ತಾರೆ. ಕಾಂಪ್ಲೆಕ್ಸ್ ಅನಾಲಿಸಿಸ್‌ನಲ್ಲಿ, ಭೌತಶಾಸ್ತ್ರದಲ್ಲಿ ಅದಕ್ಕೆ ನಿಜವಾದ ಕೆಲಸವಿದೆ. ln(5/4) ಎಂಬುದು ಈ ಪ್ರಶ್ನೆಯ ಪ್ರಿನ್ಸಿಪಲ್ ವ್ಯಾಲ್ಯೂ. ಇಂಟಿಗ್ರಲ್‌ನ ಬೆಲೆ ಮಾತ್ರ ಅಲ್ಲ. ಬೆಲೆ ಎಂದು ಕರೆದರೆ ಅದು ಇಂಟಿಗ್ರಲ್‌ಗಳ ಮಾಮೂಲಿ ನಡವಳಿಕೆಯನ್ನು ಪಾಲಿಸಬೇಕು. ಅದರಲ್ಲಿ ಮೊದಲನೆಯದು, ಸೊನ್ನೆಯಿಂದ 3ರವರೆಗಿನದು = ಸೊನ್ನೆಯಿಂದ 2ರವರೆಗಿನದು + 2ರಿಂದ 3ರವರೆಗಿನದು ಎಂಬುದು. ಹಾಗಿದ್ದರೆ ∫₀² ಎಷ್ಟು ಎಂದು ಕೇಳಿದೆ. ವಿ ಲೆಕ್ಕ ಮಾಡಿದಳು: ln(4a − a²) − ln 4. a ಸಣ್ಣದಾದಂತೆ ಇದು ಹೆಚ್ಚುಕಡಿಮೆ ln a. ಅದು −∞ಗೆ ಹೋಗುತ್ತದೆ. ಒಂದು ಭಾಗಕ್ಕೆ ಬೆಲೆಯೇ ಇಲ್ಲದಿದ್ದರೆ ಇಡಿಗೆ ಬೆಲೆ ಎಲ್ಲಿಂದ ಬರಬೇಕು?

ಒಡೆದು ಬರೆಯುವ ಡೆಫಿನಿಷನ್ ಹೇಳುವುದು ಇದನ್ನೇ. ಒಳಗಿನ c ಎಂಬ ಬಿಂದುವಿನಲ್ಲಿ ಅಸಿಂಪ್ಟೋಟ್ ಇದ್ದರೆ, ಎಡಗಡೆಗೆ ಒಂದು ಲಿಮಿಟ್, ಬಲಗಡೆಗೆ ಬೇರೊಂದು ಲಿಮಿಟ್, ಬೇರೆ ಬೇರೆ ಅಕ್ಷರ. ಎರಡಕ್ಕೂ ಬೇರೆಬೇರೆಯಾಗಿಯೇ ಬೆಲೆ ಇರಬೇಕು, ಆಮೇಲೆ ಕೂಡಬೇಕು. ಎರಡಕ್ಕೂ ಒಂದೇ ε ಬಳಸಿದ ಕೂಡಲೇ ನೀವು ಪ್ರಿನ್ಸಿಪಲ್ ವ್ಯಾಲ್ಯೂ ಲೆಕ್ಕ ಮಾಡುತ್ತಿದ್ದೀರಿ. ಒಡೆದು ಬರೆದೂ ಈ ಒಂದಕ್ಷರದಲ್ಲಿ ಎಡವುವವರಿದ್ದಾರೆ.

ಇನ್ನೊಂದು ಮಾತು. ಎಡಗಡೆಯ ಬೆಲೆ −∞ಗೆ ಹೋಗುವುದು ತೀರ ನಿಧಾನ. a = 10⁻⁶ ಆದಾಗಲೂ ಅದು −13.8 ಅಷ್ಟೇ, 10⁻¹² ಆದರೆ −27.6. ಇದನ್ನು ಕಂಪ್ಯೂಟರಿನಲ್ಲಿ ಸಂಖ್ಯೆಯಾಗಿ ನೋಡುತ್ತ ಕೂತರೆ ಎಲ್ಲೋ ಒಂದು ಕಡೆ ನಿಂತೀತು ಎಂದೇ ಅನಿಸುತ್ತದೆ. ಲಿಮಿಟ್ಟನ್ನು ಕೈಯಲ್ಲಿ ತೆಗೆಯದೆ ಬೇರೆ ದಾರಿಯಿಲ್ಲ.

ಎರಡು C

ಇಲ್ಲಿಗೆ ಒಡೆಯದಿದ್ದರೆ ಏನಾಗುತ್ತದೆ ಎಂಬುದು ವಿಗೆ ತಿಳಿದಿತ್ತು. ಅವಳ ಕೈಲೆಕ್ಕದ ನಾಲ್ಕು ಸಾಲಿನಲ್ಲಿ ಯಾವ ಸಾಲು ತಪ್ಪು ಎಂಬುದು ಇನ್ನೂ ಉಳಿದಿತ್ತು. ಆಂಟಿಡೆರಿವೇಟಿವ್ ಸರಿ, ಕೂಡಿಕಳೆದದ್ದು ಸರಿ. ಮತ್ತೆ?

ln|x² − 4| ಅನ್ನು ಡಿಫರೆನ್ಷಿಯೇಟ್ ಮಾಡಿದರೆ 2x/(x² − 4) ಬರುತ್ತದೆ, x = 2 ಬಿಟ್ಟು. ಜೊತೆಗೆ + C ಹಾಕಬೇಕೆಂದು ಎಲ್ಲರಿಗೂ ಗೊತ್ತು. ಈಗ ಒಂದು ಹೊಸ ಫಂಕ್ಷನ್ ಕಟ್ಟೋಣ: 2ರ ಎಡಗಡೆ ln|x² − 4|, 2ರ ಬಲಗಡೆ ln|x² − 4| + 7. ಇದನ್ನು ಡಿಫರೆನ್ಷಿಯೇಟ್ ಮಾಡಿ ನೋಡು ಎಂದೆ. ಎಡಗಡೆ ಅದೇ ಫಂಕ್ಷನ್, ಬಲಗಡೆಯೂ ಅದೇ ಫಂಕ್ಷನ್, 7 ಹೋಗಿಬಿಡುತ್ತದೆ. x = 2ರಲ್ಲಿ ಮೊದಲೂ ಏನೂ ಇರಲಿಲ್ಲ, ಈಗಲೂ ಏನೂ ಇಲ್ಲ. ಅಂದರೆ ಇದೂ ಅಷ್ಟೇ ಯೋಗ್ಯವಾದ ಆಂಟಿಡೆರಿವೇಟಿವ್. ಆದರೆ ಇದರಲ್ಲಿ ಲಿಮಿಟ್ ಹಾಕಿದರೆ ಉತ್ತರ ln(5/4) + 7.

ಸೇತುವೆ ಕೊಚ್ಚಿಹೋದ ಹೊಳೆಯ ಎರಡು ದಡದ ಹಾಗೆ ಇದು. ಈ ದಡದಲ್ಲಿ ಅಳತೆ ಎಲ್ಲಿಂದ ಶುರು ಮಾಡಿದೆವು ಎಂಬುದಕ್ಕೂ ಆ ದಡದ ಅಳತೆಗೂ ನಂಟಿಲ್ಲ. ಎಡಕ್ಕೆ ಒಂದು C, ಬಲಕ್ಕೆ ಬೇರೊಂದು C, ಮತ್ತು F(3) − F(0) ಎಂದರೆ ln(5/4) + C₂ − C₁. ಎರಡೂ ಕಡೆ ಒಂದೇ ಸೂತ್ರ ಬರೆದದ್ದರಿಂದ C₁ = C₂ ಎಂಬ ಭ್ರಮೆ ಹುಟ್ಟಿತು. ಅದನ್ನು ಬರೆಯಲು ಅವಕಾಶ ಕೊಟ್ಟದ್ದು ಆ ಎರಡು ಕಡ್ಡಿಗಳು, ಮಾಡ್ಯುಲಸ್ ಚಿಹ್ನೆ. ಅದಿಲ್ಲದಿದ್ದರೆ ln(−4) ಎಂಬಲ್ಲಿ ಕೈ ನಿಂತೇ ನಿಲ್ಲುತ್ತಿತ್ತು.

ವಿ ಇಲ್ಲಿ ತಾನಾಗಿಯೇ ಒಂದು ಕೊಂಡಿ ಹಾಕಿದಳು. ಮೇಲಿನ ln(a/b) ಮತ್ತು ಇಲ್ಲಿನ C₂ − C₁ ಎರಡೂ ಒಂದೇ ಕೆಲಸ ಮಾಡುತ್ತಿವೆ ಎಂದಳು. ಹೌದು. ಎರಡೂ ಒಂದೇ ಅನಿಶ್ಚಿತತೆಯ ಎರಡು ರೂಪ.

ಇಂಟಿಗ್ರಲ್‌ನ ಮೂಲ ಪ್ರಮೇಯ F(b) − F(a) ಎನ್ನಲು ಅನುಮತಿ ಕೊಡುವುದು ಇಡೀ ಅಂತರದಲ್ಲಿ ಫಂಕ್ಷನ್ ಕಂಟಿನ್ಯೂಯಸ್ ಆಗಿದ್ದಾಗ. ಇಡೀ ಅಂತರದಲ್ಲಿ F ಒಂದೇ ತುಂಡಾಗಿ ಇದ್ದರೆ ಮಾತ್ರ ಒಂದೇ C ಸಾಕು.

ಒಡೆಯದೆಯೂ ಸರಿ ಬಂದ ಉತ್ತರ

ನಂತರ ವಿ ತಂದ ಪ್ರಶ್ನೆ ಈ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು. ಅದೇ ಛೇದಕ್ಕೆ 2/3 ಘಾತ ಹಾಕಿ ನೋಡಿದ್ದಳು:

∫₀³ 2x/(x² − 4)^(2/3) dx

ಆಂಟಿಡೆರಿವೇಟಿವ್ 3(x² − 4)^(1/3), ಘನಮೂಲ. ಒಡೆಯದೆ ಲಿಮಿಟ್ ಹಾಕಿದರೆ 3(∛5 + ∛4), ಸುಮಾರು 9.8921. ಒಡೆದು ಮಾಡಿದರೆ ಎಡಗಡೆ 3∛4, ಅಂದರೆ 4.7622, ಬಲಗಡೆ 3∛5, ಅಂದರೆ 5.1299. ಕೂಡಿದರೆ 9.8921. ಉತ್ತರ ಒಂದೇ! ಫಂಕ್ಷನ್ ಇಲ್ಲೂ 2ರಲ್ಲಿ ಅನಂತಕ್ಕೆ ಹೋಗುತ್ತದೆ. “ಇಲ್ಲಿ ಒಡೆಯದಿದ್ದರೂ ನಡೆಯುತ್ತಲ್ಲ ಸರ್?”

ನಡೆಯುತ್ತದೆ. ಕಾರಣ ಅವಳೇ ಹುಡುಕಿದಳು: ಈ F ಗೆ x = 2ರಲ್ಲಿ ಬೆಲೆ ಇದೆ, ಸೊನ್ನೆ. ಎಡದಿಂದ ಬಂದರೂ ಸೊನ್ನೆ, ಬಲದಿಂದ ಬಂದರೂ ಸೊನ್ನೆ. ಗ್ರಾಫಿನಲ್ಲಿ ಅಲ್ಲಿ ಸ್ಪರ್ಶರೇಖೆ ನೆಟ್ಟಗೆ ನಿಲ್ಲುತ್ತದೆ, ಆದರೆ ಗೆರೆ ಕಡಿಯುವುದಿಲ್ಲ. ಹಾಗಾಗಿ ಎರಡು C ಗಳನ್ನು ಕೂಡಿಸಿ ಹೊಲಿಯಬಹುದು. ಎಡಗಡೆಯ ಲಿಮಿಟ್ F(2) − F(0), ಬಲಗಡೆಯದು F(3) − F(2). ಕೂಡಿದರೆ F(2) ಹೊಡೆದುಹೋಗುತ್ತದೆ. ಈ ಸಲ ಹೊಡೆದುಹೋಗುವುದು ಒಂದು ನಿಜವಾದ ಸಂಖ್ಯೆ, ಆದ್ದರಿಂದ ಕೂಡಿ ಕಳೆಯಲು ಯಾವ ಅಡ್ಡಿಯೂ ಇಲ್ಲ. ಅವಳು ಮೊದಲು ಹೊಡೆದುಹಾಕಿದ್ದು ∞ ಮತ್ತು −∞ಗಳನ್ನು.

ಮೂರು ಪ್ರಶ್ನೆಗಳನ್ನೂ ಅಕ್ಕಪಕ್ಕ ಇಟ್ಟರೆ ವ್ಯತ್ಯಾಸವೆಲ್ಲ ಘಾತದಲ್ಲಿದೆ ಎಂಬುದು ಕಾಣುತ್ತದೆ. 2ರ ಬಳಿ x² − 4 ಎಂಬುದು 4(x − 2)ರಂತೆ ನಡೆಯುತ್ತದೆ. ಆದ್ದರಿಂದ ಛೇದದ ಘಾತ p ಎಷ್ಟೋ, ಫಂಕ್ಷನ್ ಅಷ್ಟೇ ಬಲದಿಂದ ಸಿಡಿಯುತ್ತದೆ. p ಒಂದಕ್ಕಿಂತ ಕಡಿಮೆಯಿದ್ದರೆ ಎರಡೂ ಕಡೆ ಬೆಲೆ ಇರುತ್ತದೆ. p ಒಂದು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಯಾವ ಕಡೆಯೂ ಇಲ್ಲ. ಘಾತ 2ರ ಪ್ರಶ್ನೆಯಲ್ಲಿ a = b = 0.01 ಹಾಕಿದರೆ ಎಡ 24.81, ಬಲ 24.74, ಮೊತ್ತ 50ರ ಹತ್ತಿರ. ಹತ್ತಿರ ಹೋದಷ್ಟೂ ಬೆಳೆಯುತ್ತದೆ. ಅಲ್ಲಿ ಪ್ರಿನ್ಸಿಪಲ್ ವ್ಯಾಲ್ಯೂ ಕೂಡ ಇಲ್ಲ. ಘಾತ 1 ಎಂಬುದು ಸರಿಯಾಗಿ ಗಡಿಯ ಮೇಲೆ ಕೂತಿದೆ, ಮೋಸ ಮಾಡುವುದೂ ಅದೇ.

ಹಾಗಿದ್ದರೆ ಘಾತ 2/3ರಲ್ಲಿ ಒಡೆಯುವುದು ಬರಿಯ ಶಿಷ್ಟಾಚಾರವೇ? ಅಲ್ಲ. F ಎಂಬುದು 2ರಲ್ಲಿ ಕಂಟಿನ್ಯೂಯಸ್ ಎಂದು ನೋಡಿ ಖಚಿತಪಡಿಸಿಕೊಂಡಿದ್ದರಿಂದಲೇ ಒಡೆಯದ ಲೆಕ್ಕ ಸರಿ ಎನ್ನಲು ಬರುತ್ತದೆ. ಆ ಪರಿಶೀಲನೆಯೇ ಒಡೆಯುವ ಕೆಲಸ. ಅದನ್ನು ಒಂದು ಸಾಲಿನಲ್ಲಿ ಬರೆದರೂ ಸರಿ, ಎರಡು ಲಿಮಿಟ್ ಆಗಿ ಬರೆದರೂ ಸರಿ. ಬರೆಯದೆ ಹೋದರೆ 9.8921 ಮತ್ತು 0.2231ರ ನಡುವೆ ಭೇದ ಹೇಳಲು ಕಾಗದದ ಮೇಲೆ ಏನೂ ಇರುವುದಿಲ್ಲ.

ಆಮೇಲೆ

ಕೊಟ್ಟ ಅಂಕ ಹಾಗೆಯೇ ಉಳಿಯಿತು. ವಿ ಅದನ್ನು ಮತ್ತೆ ಕೇಳಲಿಲ್ಲ. ಬದಲಾದದ್ದು ಲೆಕ್ಕ ಶುರು ಮಾಡುವ ಜಾಗ. ಆಂಟಿಡೆರಿವೇಟಿವ್ ಹುಡುಕುವ ಮೊದಲೇ, ಅಂತರದ ಒಳಗೆ ಫಂಕ್ಷನ್ ಎಲ್ಲಿ ಕೆಡುತ್ತದೆ ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯುವ ರೂಢಿ ಮಾಡಿಕೊಂಡಳು. ಛೇದವನ್ನು ಅಪವರ್ತಿಸಿ ಸೊನ್ನೆಗಳನ್ನು ನೋಡುವುದು, ln ಮತ್ತು tan ಇದ್ದರೆ ಅವುಗಳ ಕೆಟ್ಟ ಬಿಂದುಗಳನ್ನು ನೋಡುವುದು. ಸಬ್‌ಸ್ಟಿಟ್ಯೂಷನ್ ಮಾಡಿದ ಮೇಲೆ ಹೊಸ ಲಿಮಿಟ್‌ಗಳ ಚಿಹ್ನೆ ನೋಡುವುದು ಅವಳೇ ಸೇರಿಸಿಕೊಂಡದ್ದು. ಅವಳ ಮೊದಲ ಉತ್ತರದಲ್ಲಿ u ಮೈನಸ್ 4ರಿಂದ 5ಕ್ಕೆ ಹೋಗಿತ್ತು, ಕೆಳಗೆ du/u ಇತ್ತು. ನಡುವೆ ಸೊನ್ನೆ ದಾಟದೆ ಮೈನಸ್ 4ರಿಂದ 5ಕ್ಕೆ ಹೋಗಲು ಆಗದು. x ಇದ್ದಾಗ ಅಡಗಿದ್ದ ಬಿಂದು u ಬಂದಾಗ ಬಟ್ಟಬಯಲಾಗಿತ್ತು.

ಮುಂದಿನ ಪರೀಕ್ಷೆಯಲ್ಲಿ ಸೊನ್ನೆಯಿಂದ π ವರೆಗೆ tan x ಬಂತು. ಆಂಟಿಡೆರಿವೇಟಿವ್ −ln|cos x|. ಕಣ್ಣು ಮುಚ್ಚಿ ಹಾಕಿದರೆ ಎರಡೂ ತುದಿಯಲ್ಲಿ ಸೊನ್ನೆ, ಉತ್ತರ ಸೊನ್ನೆ. ಗ್ರಾಫ್ ಸಹ π/2ರ ಎರಡೂ ಕಡೆ ತದ್ರೂಪವಾಗಿ ತಿರುಗಿ ಕೂತಿರುವುದರಿಂದ ಆ ಸೊನ್ನೆ ಎಷ್ಟೋ ಸಹಜವಾಗಿ ಕಾಣುತ್ತದೆ. ತರಗತಿಯ ಹಲವರು ಅದನ್ನೇ ಬರೆದಿದ್ದರು. ವಿ ಮೊದಲ ಸಾಲಿನಲ್ಲಿ ‘π/2 ಒಳಗಿದೆ’ ಎಂದು ಬರೆದು, ಎಡಗಡೆಯ ಅರ್ಧವನ್ನು ಮಾತ್ರ ಎತ್ತಿಕೊಂಡಳು. ಸೊನ್ನೆಯಿಂದ π/2 − a ವರೆಗೆ −ln(sin a), a ಸೊನ್ನೆಗೆ ಹೋದಾಗ ಅನಂತ, ಆದ್ದರಿಂದ ಇಂಟಿಗ್ರಲ್ ಡೈವರ್ಜ್ ಆಗುತ್ತದೆ. ಬಲಗಡೆಯ ಅರ್ಧವನ್ನು ಅವಳು ಮುಟ್ಟಲೇ ಇಲ್ಲ. ಒಂದು ಕಡೆ ಬೆಲೆ ಇಲ್ಲವೆಂದ ಮೇಲೆ ಇನ್ನೊಂದನ್ನು ನೋಡುವ ಅಗತ್ಯವಿರಲಿಲ್ಲ, ಪೂರ್ತಿ ಅಂಕ ಬಂತು.